‘ಫೌಂಡ್’, ‘ಆರ್ಗ್ಯೂಸ್’, ‘ಹ್ಯಾಸ್ ಶೋನ್’: ಪೂರ್ವಾಧ್ಯಯನಗಳ ಸಮೀಕ್ಷೆಗೆ ಯಾವ ಕಾಲ?

ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆಯ ಸಂಶೋಧನಾರ್ಥಿಗಳು ಇಂಗ್ಲಿಷಿನಲ್ಲಿ ಬರೆದ ಮಹಾಪ್ರಬಂಧದ ಕರಡು ಕೈಗೆ ಬಂದರೆ ನಾನು ಮೊದಲು ತೆರೆಯುವುದು ಪೂರ್ವಾಧ್ಯಯನಗಳ ಸಮೀಕ್ಷೆಯ ಅಧ್ಯಾಯವನ್ನು. ವಿಷಯ ಯಾವುದೇ ಇರಲಿ, ಅಲ್ಲಿ ಒಂದು ತೊಡಕು ತಪ್ಪದೆ ಸಿಗುತ್ತದೆ. ಯಾರು ಏನು ಹೇಳಿದರು ಎಂದು ವರದಿ ಮಾಡುವ ಕ್ರಿಯಾಪದಗಳೆಲ್ಲ ‘ಹ್ಯಾಸ್’, ‘ಹ್ಯಾವ್’ ಹಿಡಿದುಕೊಂಡೇ ಬರುತ್ತವೆ. ‘ಹ್ಯಾಸ್ ಫೌಂಡ್’, ‘ಹ್ಯಾಸ್ ಸ್ಟೇಟೆಡ್’, ‘ಹ್ಯಾವ್ ಐಸೊಲೇಟೆಡ್ ಇನ್ 1957’. ಬರೆದವರಿಗೆ ವ್ಯಾಕರಣ ಗೊತ್ತಿಲ್ಲ ಎಂದೇನೂ ಅಲ್ಲ. ಅವರು ಕನ್ನಡದಲ್ಲಿ ಯೋಚಿಸಿದ್ದಾರೆ, ಕನ್ನಡದಲ್ಲಿ ಆ ವಾಕ್ಯ ಸರಿಯಾಗಿಯೇ ಇದೆ.

‘ಅವರು 1957ರಲ್ಲಿ ಈ ವೈರಸ್ಸನ್ನು ಗುರುತಿಸಿದ್ದಾರೆ’ ಎಂಬ ಮಾತಿನಲ್ಲಿ ನಮ್ಮ ಕಿವಿಗೆ ಯಾವ ಕೊರತೆಯೂ ಕಾಣುವುದಿಲ್ಲ. ಇಸವಿ ಇದೆ, ‘ಗುರುತಿಸಿದ್ದಾರೆ’ಯೂ ಇದೆ, ಎರಡೂ ಹೊಂದಿಕೊಂಡು ಕೂತಿವೆ. ಇಂಗ್ಲಿಷಿನಲ್ಲಿ ಹಾಗೆ ಕೂರುವುದಿಲ್ಲ. ಅಲ್ಲಿ ‘ಹ್ಯಾವ್’ ಸೇರಿದ ರೂಪ, ಅಂದರೆ ಶಾಲೆಯಲ್ಲಿ ಪ್ರೆಸೆಂಟ್ ಪರ್ಫೆಕ್ಟ್ ಎಂದು ಕಲಿತದ್ದು, ಮುಗಿದುಹೋದ ಒಂದು ನಿರ್ದಿಷ್ಟ ಕಾಲವನ್ನು ತನ್ನ ವಾಕ್ಯದೊಳಗೆ ಸೇರಿಸಿಕೊಳ್ಳುವುದಿಲ್ಲ. ಆದ್ದರಿಂದ ಮೂರು ರೂಪಗಳಲ್ಲಿ ಯಾವುದನ್ನು ಎಲ್ಲಿ ಆರಿಸಬೇಕು ಎಂಬ ಪ್ರಶ್ನೆಗೆ ‘ಇದ್ದಾರೆ’ ಬಂದಲ್ಲೆಲ್ಲ ‘ಹ್ಯಾವ್’ ಹಾಕುವುದು ಉತ್ತರವಲ್ಲ. ಅದಕ್ಕೆ ಬೇರೆ ಅಳತೆ ಬೇಕು.

ಅಳತೆಯನ್ನು ಒಂದು ನಿಜವಾದ ಸಮೀಕ್ಷೆಯ ಮೇಲೆ ಇಟ್ಟು ನೋಡುವುದು ಒಳ್ಳೆಯದು. ಮಲೆನಾಡಿನವರಿಗೆ ಮಂಗನ ಕಾಯಿಲೆಯ ಕತೆ ಹೇಳಬೇಕಾಗಿಲ್ಲ. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮಂಗಗಳು ಸತ್ತು ಬೀಳತೊಡಗಿದವು, ಜನರಿಗೂ ಜ್ವರ ಬಂತು, ವರ್ಕ್ ಮತ್ತು ಟ್ರಾಪಿಡೋ ಸೇರಿದ ತಂಡ ಹೊಸ ವೈರಸ್ಸೊಂದನ್ನು ಗುರುತಿಸಿತು. ಎರಡು ವರ್ಷದ ನಂತರ ಟ್ರಾಪಿಡೋ ಮತ್ತು ಸಂಗಡಿಗರು ಕಾಡಿನ ಉಣುಗುಗಳಿಂದಲೇ ಆ ವೈರಸ್ಸನ್ನು ಪ್ರತ್ಯೇಕಿಸಿದ ವರದಿ ಬಂತು. 1969ರಲ್ಲಿ ಬೋಶೆಲ್, ಕಾಡು ಕಡಿದು ದನ ಮೇಯಿಸಲು ತೊಡಗಿದ್ದರಿಂದ ಉಣುಗು ಹೆಚ್ಚಿ ಕಾಯಿಲೆ ಬಲಿಯಿತು ಎಂಬ ಪರಿಸರದ ವಿವರಣೆ ಮುಂದಿಟ್ಟರು. 1987ರಲ್ಲಿ ಮಾನವಶಾಸ್ತ್ರಜ್ಞ ನಿಕ್ಟರ್ ಇದನ್ನು ಅಭಿವೃದ್ಧಿಯೇ ತಂದ ಕಾಯಿಲೆ ಎಂದು ಓದಿದರು. 2020ರಲ್ಲಿ ಪರ್ಸ್ ಮತ್ತು ಸಂಗಡಿಗರು ಕಾಡು, ತೋಟ, ದನಗಳ ಸಾಂದ್ರತೆಯನ್ನು ಸೇರಿಸಿ ಅಪಾಯದ ಪ್ರದೇಶಗಳನ್ನು ಅಂದಾಜಿಸುವ ಮಾದರಿ ಕಟ್ಟಿದರು. ಪ್ರಯೋಗಾಲಯ, ಪರಿಸರವಿಜ್ಞಾನ, ಸಮಾಜವಿಜ್ಞಾನ ಮೂರೂ ಒಂದೇ ಅಧ್ಯಾಯದಲ್ಲಿ ಸೇರುವುದರಿಂದ ಕಾಲದ ಆಯ್ಕೆ ಇಲ್ಲಿ ಚೆನ್ನಾಗಿ ಕಣ್ಣಿಗೆ ಬೀಳುತ್ತದೆ.

ನಡೆದ ಕೆಲಸಕ್ಕೆ ‘ಫೌಂಡ್’

ಯಾರೋ ಒಬ್ಬರು ಒಂದು ಸ್ಥಳದಲ್ಲಿ, ಒಂದು ಅವಧಿಯಲ್ಲಿ, ಒಂದು ವಿಧಾನದಿಂದ ಮಾಡಿದ ಕೆಲಸವನ್ನು ಹೇಳುವಾಗ ಸರಳ ಭೂತಕಾಲ ಸಾಕು. ವರ್ಕ್ ಮತ್ತು ಟ್ರಾಪಿಡೋ ‘ಐಸೊಲೇಟೆಡ್’, ಟ್ರಾಪಿಡೋ ತಂಡ ‘ರಿಪೋರ್ಟೆಡ್’, ಪರ್ಸ್ ತಂಡ ‘ಫೌಂಡ್’. ಮಾದರಿ ಸಂಗ್ರಹಿಸಿದರು, ಎಣಿಸಿದರು, ಸಂದರ್ಶಿಸಿದರು, ಹೋಲಿಸಿದರು ಎಂಬ ಎಲ್ಲ ವಿಧಾನದ ಮಾತುಗಳೂ ಇಲ್ಲಿಗೇ ಸೇರುತ್ತವೆ. ವಿಧಾನವನ್ನು ವರ್ತಮಾನದಲ್ಲಿ ಬರೆದರೆ ಆ ಕೆಲಸ ಈಗಲೂ ನಡೆಯುತ್ತಿದೆ ಎಂಬ ಭ್ರಮೆ ಹುಟ್ಟುತ್ತದೆ. ಇದರಲ್ಲಿ ಹೆಚ್ಚು ಚರ್ಚೆಗೆ ಎಡೆಯಿಲ್ಲ. ಸಂದೇಹ ಬಂದಾಗ ಪ್ರಾಯೋಗಿಕ ಅಧ್ಯಯನವೊಂದಕ್ಕೆ ಭೂತಕಾಲ ಹಾಕಿದರೆ ಯಾವ ಪರೀಕ್ಷಕರೂ ಗುರುತು ಹಾಕುವುದಿಲ್ಲ.

ಪುಟದ ಮೇಲೆ ನಿಂತ ಮಾತಿಗೆ ‘ಆರ್ಗ್ಯೂಸ್’

ವರ್ತಮಾನದ ಬಗ್ಗೆ ಮಾತ್ರ ವಿದ್ಯಾರ್ಥಿಗಳು ಹಿಂಜರಿಯುತ್ತಾರೆ. ಸಾಗರದ ಕಡೆಯ ಸಂಶೋಧನಾರ್ಥಿಯೊಬ್ಬಳು ನೇರವಾಗಿಯೇ ಕೇಳಿದಳು: “ಮೇಡಂ, 1969ರಲ್ಲಿ ಬರೆದವರು ಈಗ ಹೇಗೆ ವಾದಿಸುತ್ತಾರೆ? ಅವರು ಬದುಕಿದ್ದಾರೋ ಇಲ್ಲವೋ ಅದೂ ಗೊತ್ತಿಲ್ಲ.”

“ಪಂಪ ಏನು ಹೇಳುತ್ತಾನೆ ಎಂದು ಕೇಳಿದರೆ ನೀನು ಏನೆನ್ನುತ್ತೀಯಮ್ಮಾ?”

“ಪಂಪ ಹೇಳುತ್ತಾನೆ ಎಂದೇ ಹೇಳುತ್ತೇನೆ.”

ಹತ್ತನೆಯ ಶತಮಾನದ ಕವಿಗೆ ನಾವು ದಿನವೂ ಕೊಡುವ ಈ ವರ್ತಮಾನಕಾಲವೇ ‘ಆರ್ಗ್ಯೂಸ್’ನಲ್ಲಿ ಇರುವುದು. ಮಾತಾಡುತ್ತಿರುವುದು ಮನುಷ್ಯನಲ್ಲ, ಅವನ ಬರಹ. ಬರಹ ತೆರೆದಾಗಲೆಲ್ಲ ಅದೇ ವಾದ ಅಲ್ಲಿರುತ್ತದೆ. ಹಾಗಾಗಿ ವಾದಿಸು, ಸೂಚಿಸು, ವ್ಯಾಖ್ಯಾನಿಸು, ಪ್ರತಿಪಾದಿಸು ಎಂಬ ಬಗೆಯ ಕ್ರಿಯಾಪದಗಳು ವರ್ತಮಾನಕ್ಕೆ ಸುಲಭವಾಗಿ ಒಗ್ಗುತ್ತವೆ. ನಿಕ್ಟರ್ ‘ಆರ್ಗ್ಯೂಸ್’ ಎಂದು ಬರೆದಾಗ, ಆ ವಾದವನ್ನು ನೀವು ಈಗ ಚರ್ಚೆಗೆ ಎತ್ತಿಕೊಂಡಿದ್ದೀರಿ ಎಂಬುದು ಓದುಗರಿಗೆ ತಿಳಿಯುತ್ತದೆ. ಸಂಗ್ರಹಿಸು, ಪ್ರತ್ಯೇಕಿಸು, ಅಳೆ ಎಂಬುವು ಹೀಗೆ ಒಗ್ಗುವುದಿಲ್ಲ. ಅವು ಬರಹ ಮಾಡುವ ಕೆಲಸಗಳಲ್ಲ, ಮನುಷ್ಯರು ಒಂದು ದಿನ ಮಾಡಿ ಮುಗಿಸಿದ ಕೆಲಸಗಳು.

ಇಲ್ಲಿ ಇನ್ನೊಂದು ತಪ್ಪು ತಿಳಿವಳಿಕೆ ಬಹಳ ಹರಡಿದೆ. ಲೇಖಕರ ಹೆಸರಿನ ಪಕ್ಕ ಆವರಣದಲ್ಲಿ 1987 ಎಂದಿದ್ದರೆ ಭೂತಕಾಲವೇ ಬರಬೇಕು ಎಂದು ಅನೇಕರು ನಂಬಿದ್ದಾರೆ. ಆವರಣದ ಇಸವಿ ಬರಹದ ವಿಳಾಸ ಮಾತ್ರ, ವಾಕ್ಯದ ಕಾಲವನ್ನು ಅದು ನಿರ್ಧರಿಸುವುದಿಲ್ಲ. ‘ನಿಕ್ಟರ್ (1987) ಆರ್ಗ್ಯೂಸ್’ ಸರಿ, ‘ನಿಕ್ಟರ್ (1987) ಹ್ಯಾಸ್ ಆರ್ಗ್ಯೂಡ್’ ಕೂಡ ಸರಿ. ಆದರೆ ಅದೇ ಇಸವಿ ಆವರಣ ಬಿಟ್ಟು ವಾಕ್ಯದೊಳಗೆ ಬಂದು ‘ಇನ್ 1987’ ಆದರೆ ಅದು ಕಾಲಸೂಚಕವಾಗುತ್ತದೆ. ಆಗ ‘ಆರ್ಗ್ಯೂಡ್’ ಒಂದೇ ದಾರಿ.

ಭೂತ, ವರ್ತಮಾನಗಳ ನಡುವೆ ಆರಿಸುವಾಗ ದನಿಯೂ ಬದಲಾಗುತ್ತದೆ. ‘ಬೋಶೆಲ್ ಆರ್ಗ್ಯೂಡ್’ ಎಂದು ಓದಿದ ಪರೀಕ್ಷಕರು ಮುಂದಿನ ವಾಕ್ಯದಲ್ಲಿ ಒಂದು ‘ಆದರೆ’ ಬರಬಹುದು ಎಂದು ಕಾಯುತ್ತಾರೆ. ‘ಆರ್ಗ್ಯೂಸ್’ ಎಂದರೆ ಆ ವಾದ ಇನ್ನೂ ಕಣದಲ್ಲಿದೆ ಎಂದುಕೊಳ್ಳುತ್ತಾರೆ. ಇದು ಕಟ್ಟುನಿಟ್ಟಿನ ನಿಯಮವಲ್ಲ. ಆದರೆ ಬೋಶೆಲ್ ಕೊಟ್ಟ ವಿವರಣೆಯನ್ನೇ ನೆಲೆಯಾಗಿ ಇಟ್ಟುಕೊಂಡು ತನ್ನ ಅಧ್ಯಯನ ಕಟ್ಟುವವಳು ಅವರನ್ನು ಭೂತಕಾಲಕ್ಕೆ ತಳ್ಳಿ, ತಾನು ತಿರಸ್ಕರಿಸುವವರನ್ನು ವರ್ತಮಾನದಲ್ಲಿ ಕೂರಿಸಿದರೆ ಅಧ್ಯಾಯದ ದಿಕ್ಕೇ ಓದುಗರಿಗೆ ಸಿಗುವುದಿಲ್ಲ.

ಇಂದಿನವರೆಗಿನ ಲೆಕ್ಕಕ್ಕೆ ‘ಹ್ಯಾಸ್ ಶೋನ್’

‘ಹ್ಯಾವ್’ ರೂಪದ ನಿಜವಾದ ಜಾಗ ಯಾವುದು? ಹಿಂದೆ ಎಲ್ಲೋ ಶುರುವಾಗಿ ನೀವು ಬರೆಯುತ್ತಿರುವ ಈ ಗಳಿಗೆಯವರೆಗೆ ಬಂದು ನಿಂತ ಲೆಕ್ಕವನ್ನು ಒಪ್ಪಿಸುವ ಜಾಗ. ಒಂದು ಅಧ್ಯಯನದ ಸುದ್ದಿಗಿಂತ ಒಂದು ಕ್ಷೇತ್ರದ ಸುದ್ದಿಗೆ ಅದು ಹೆಚ್ಚು ಹೊಂದುತ್ತದೆ. ‘ಮಂಗನ ಕಾಯಿಲೆಗೂ ಭೂಬಳಕೆಯ ಬದಲಾವಣೆಗೂ ಇರುವ ನಂಟನ್ನು ಹಲವು ಅಧ್ಯಯನಗಳು ಪರಿಶೀಲಿಸಿವೆ’ ಎಂಬ ವಾಕ್ಯದಲ್ಲಿ ‘ಹ್ಯಾವ್ ಎಕ್ಸಾಮಿನ್ಡ್’ ಬೇಕೇ ಬೇಕು. ಆವರಣದಲ್ಲಿ ಬೋಶೆಲ್, ನಿಕ್ಟರ್, ಪರ್ಸ್ ಮೂವರೂ ಬರುತ್ತಾರೆ. ಅಲ್ಲಿ ‘ಎಕ್ಸಾಮಿನ್ಡ್’ ಎಂದಷ್ಟೇ ಬರೆದರೆ ಆ ಚರ್ಚೆ ಎಂದೋ ಮುಗಿಯಿತು ಎಂಬ ಅರ್ಥ ಬರುತ್ತದೆ.

ಪ್ಯಾರಾದ ಮೊದಲ ವಾಕ್ಯ ಮತ್ತು ಕೊನೆಯ ವಾಕ್ಯ ಇದಕ್ಕೆ ಒಳ್ಳೆಯ ತಾಣಗಳು. ಮೊದಲ ವಾಕ್ಯ ಕ್ಷೇತ್ರವನ್ನು ತೆರೆಯುತ್ತದೆ, ನಡುವಿನ ವಾಕ್ಯಗಳು ಒಂದೊಂದು ಅಧ್ಯಯನವನ್ನು ಭೂತಕಾಲದಲ್ಲಿ ವಿವರಿಸುತ್ತವೆ, ಕೊನೆಯದು ಇಷ್ಟರಿಂದ ಏನು ಸಿಕ್ಕಿದೆ, ಏನು ಸಿಕ್ಕಿಲ್ಲ ಎಂದು ಮತ್ತೆ ‘ಹ್ಯಾವ್’ಗೆ ಬರುತ್ತದೆ. ಒಬ್ಬರೇ ಲೇಖಕರಿಗೂ ಇದನ್ನು ಬಳಸಬಹುದು, ಅವರ ಫಲಿತಾಂಶ ನಿಮ್ಮ ಮುಂದಿನ ಹೆಜ್ಜೆಗೆ ನೇರವಾಗಿ ತಾಗಿದರೆ. ‘ಕಾಡು ಮತ್ತು ತೋಟ ಬೆರೆತ ಪ್ರದೇಶಗಳಲ್ಲಿ ಅಪಾಯ ಹೆಚ್ಚು ಎಂದು ಪರ್ಸ್ ತಂಡ ತೋರಿಸಿದೆ, ಆದರೆ...’ ಎಂದು ಬರೆದು ನಿಮ್ಮ ಪ್ರಶ್ನೆಗೆ ಹೊರಳುವುದಾದರೆ ‘ಹ್ಯಾವ್ ಶೋನ್’ ಚೆಂದ.

ಇದಕ್ಕೆ ತಾಗಿದ ಒಂದು ಅಪಾಯ ‘ಇಟ್ ಹ್ಯಾಸ್ ಬೀನ್ ಶೋನ್’ ಎಂಬ ಕರ್ಮಣಿ ರೂಪ. ಕ್ಷೇತ್ರವೇ ಒಪ್ಪಿದೆ ಎಂಬ ದೊಡ್ಡ ದನಿ ಅದಕ್ಕಿದೆ. ಅಂಥ ವಾಕ್ಯದ ಕೊನೆಗೆ ಒಂದೇ ಒಂದು ಹಳೆಯ ಅಧ್ಯಯನ ನಿಂತಿದ್ದರೆ ಪರೀಕ್ಷಕರು ‘ಯಾರು ತೋರಿಸಿದರು?’ ಎಂದು ಕೇಳಿಯೇ ಕೇಳುತ್ತಾರೆ. ಒಬ್ಬರೇ ಆದರೆ ಅವರ ಹೆಸರನ್ನು ಕರ್ತೃವಾಗಿಸಿ ಭೂತಕಾಲದಲ್ಲಿ ಹೇಳಿಬಿಡುವುದು ಪ್ರಾಮಾಣಿಕ.

‘ಹ್ಯಾಡ್’ ಬಗ್ಗೆ ಒಂದೇ ಮಾತು. ಕನ್ನಡದ ‘ತೋರಿಸಿದ್ದರು’ ತುಂಬ ಹಿಂದಿನದು ಎಂಬಷ್ಟೇ ಅರ್ಥದಲ್ಲಿಯೂ ಬರುತ್ತದೆ. ಇಂಗ್ಲಿಷಿನ ‘ಹ್ಯಾಡ್ ಶೋನ್’ಗೆ ಅದರ ನಂತರ ನಡೆದ ಇನ್ನೊಂದು ಹಳೆಯ ಘಟನೆ ಪಕ್ಕದಲ್ಲಿ ಇರಬೇಕು. ಅದಿಲ್ಲದಿದ್ದರೆ ‘ಹ್ಯಾಡ್’ ತೆಗೆದುಹಾಕಿ.

ವಿದ್ಯಾರ್ಥಿಗಳಿಗೆ ಶೈಕ್ಷಣಿಕ ಬರವಣಿಗೆ ಕಲಿಸುವ ಜಾನ್ ಸ್ವೇಲ್ಸ್ ಮತ್ತು ಕ್ರಿಸ್ಟೀನ್ ಫೀಕ್ ಕೂಡ ಹೆಚ್ಚುಕಡಿಮೆ ಇದೇ ಮೂರು ದಾರಿ ಗುರುತಿಸುತ್ತಾರೆ: ಒಂದೇ ಅಧ್ಯಯನಕ್ಕೆ ಭೂತ, ಅಧ್ಯಯನ ಕ್ಷೇತ್ರಕ್ಕೆ ‘ಹ್ಯಾವ್’, ಸದ್ಯದ ತಿಳಿವಳಿಕೆಗೆ ವರ್ತಮಾನ. ಅವರ ಮೂರನೆಯ ದಾರಿಯಲ್ಲಿ ವರದಿ ಮಾಡುವ ಕ್ರಿಯಾಪದವೇ ಇರುವುದಿಲ್ಲ ಎಂಬುದನ್ನು ಗಮನಿಸಬೇಕು. ‘ದನಗಳು ಬಲಿತ ಉಣುಗುಗಳಿಗೆ ಆಹಾರ ಒದಗಿಸುತ್ತವೆ’ ಎಂದು ನೇರವಾಗಿ ವರ್ತಮಾನದಲ್ಲಿ ಹೇಳಿ, ಆಧಾರವನ್ನು ಆವರಣಕ್ಕೆ ಹಾಕುತ್ತೀರಿ. ಯಾರೂ ತಕರಾರು ಎತ್ತದ ಸಂಗತಿಗೆ ‘ಅವರು ಕಂಡುಕೊಂಡರು’ ಎಂದು ಪದೇ ಪದೇ ಬರೆಯುವುದಕ್ಕಿಂತ ಇದು ಎಷ್ಟೋ ಹಗುರ.

ಒಳವಾಕ್ಯದ ಕಾಲ

ಇಲ್ಲಿಯವರೆಗಿನದು ಅರ್ಧ ಕೆಲಸ. ‘ಫೌಂಡ್ ದಟ್’ ಎಂದು ಬರೆದ ಮೇಲೆ ‘ದಟ್’ ಆದ ಬಳಿಕ ಬರುವ ಕ್ರಿಯಾಪದಕ್ಕೂ ಒಂದು ಕಾಲ ಬೇಕು. ನನ್ನ ಅನುಭವದಲ್ಲಿ ಹೆಚ್ಚು ಹಾನಿಯಾಗುವುದು ಅಲ್ಲಿಯೇ. ಹೊರಗಿನ ಕ್ರಿಯಾಪದ ತಪ್ಪಿದರೆ ಇಂಗ್ಲಿಷ್ ಒರಟಾಗುತ್ತದೆ. ಒಳಗಿನದು ತಪ್ಪಿದರೆ ವಿಜ್ಞಾನವೇ ತಪ್ಪುತ್ತದೆ.

ಶಾಲೆಯಲ್ಲಿ ಹೊರಗೆ ಭೂತಕಾಲ ಇದ್ದರೆ ಒಳಗೂ ಭೂತಕಾಲ ಎಂದು ಕಲಿಸಿರುತ್ತಾರೆ. ಸಂಶೋಧನಾ ಬರಹದಲ್ಲಿ ಅದು ಕಡ್ಡಾಯವಲ್ಲ. ‘ಉಣುಗು ಈ ವೈರಸ್ಸನ್ನು ಹರಡುತ್ತದೆ ಎಂದು ಅವರು ಕಂಡುಕೊಂಡರು’ ಎಂಬಲ್ಲಿ ಕಂಡುಕೊಂಡದ್ದು ಹಿಂದೆ, ಹರಡುವುದು ಇಂದಿಗೂ. ಆದ್ದರಿಂದ ‘ಫೌಂಡ್’ ಹೊರಗೆ, ‘ಟ್ರಾನ್ಸ್‌ಮಿಟ್’ ಒಳಗೆ ವರ್ತಮಾನದಲ್ಲಿ. ಒಳಗೂ ಭೂತಕಾಲ ಹಾಕಿದರೆ, ಆಗ ಹರಡಿತು, ಈಗಿನದು ಹೇಳಲಾಗದು ಎಂಬ ಅನುಮಾನ ಸೇರಿಕೊಳ್ಳಬಹುದು. ಕನ್ನಡದಲ್ಲಿ ಈ ತೊಂದರೆಯೇ ಇಲ್ಲ. ‘ಹರಡುತ್ತದೆ ಎಂದು ಕಂಡುಕೊಂಡರು’ ಎಂದು ನಾವು ಸಹಜವಾಗಿ ಎರಡು ಕಾಲ ಬೆರೆಸುತ್ತೇವೆ. ಇದೊಂದು ಕಡೆ ಕನ್ನಡದ ಕಿವಿಯನ್ನು ನಂಬಿ ನಡೆದರೆ ದಾರಿ ತಪ್ಪುವುದಿಲ್ಲ.

ಇದಕ್ಕೆ ತದ್ವಿರುದ್ಧವಾದ ಪ್ರಸಂಗ ಮಂಗನ ಕಾಯಿಲೆಯ ಲಸಿಕೆಯದು. ದಾಂಡವತೆ ಮತ್ತು ಸಂಗಡಿಗರು 1994ರಲ್ಲಿ ಪ್ರಕಟಿಸಿದ ಕ್ಷೇತ್ರ ಪ್ರಯೋಗದಲ್ಲಿ ಎರಡು ಡೋಸ್ ಪಡೆದವರಲ್ಲಿ ಲಸಿಕೆಯ ರಕ್ಷಣೆ ಶೇ 93.5. ಕಸಬಿ ಮತ್ತು ಸಂಗಡಿಗರು 2005ರಿಂದ 2010ರವರೆಗಿನ ಅವಧಿಯನ್ನು ಪರಿಶೀಲಿಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಎರಡು ಡೋಸ್‌ಗೆ ಶೇ 62.4, ಬೂಸ್ಟರ್ ಕೂಡ ಪಡೆದವರಿಗೆ ಶೇ 82.9. ಸಾಗರದ ಆ ಸಂಶೋಧನಾರ್ಥಿಯ ಕರಡಿನಲ್ಲಿ ಇದು ಹೀಗಿತ್ತು, ಕನ್ನಡಕ್ಕೆ ತಂದು ಹೇಳುವುದಾದರೆ: ‘ದಾಂಡವತೆ 1994ರಲ್ಲಿ ಲಸಿಕೆಯು ಶೇ 93.5 ರಕ್ಷಣೆ ನೀಡುತ್ತದೆ ಎಂದು ತೋರಿಸಿದ್ದಾರೆ. ಕಸಬಿ ಲಸಿಕೆಯು ಶೇ 62.4 ರಕ್ಷಣೆ ನೀಡುತ್ತದೆ ಎಂದು ತೋರಿಸಿದ್ದಾರೆ.’ ಇಂಗ್ಲಿಷಿನಲ್ಲಿ ‘ಹ್ಯಾಸ್ ಶೋನ್ ದಟ್’ ಹೊರಗೆ, ‘ಗಿವ್ಸ್’ ಒಳಗೆ, ಎರಡು ಸಲವೂ.

ಒಂದೇ ಲಸಿಕೆ ಏಕಕಾಲಕ್ಕೆ ಶೇ 93.5 ಮತ್ತು ಶೇ 62.4 ರಕ್ಷಣೆ ನೀಡುವುದು ಹೇಗೆ? ಎರಡು ಒಳವಾಕ್ಯಗಳೂ ವರ್ತಮಾನದಲ್ಲಿ ಇರುವುದರಿಂದ ಎರಡೂ ಸಾರ್ವಕಾಲಿಕ ಸತ್ಯವಾಗಿ ನಿಂತು ಒಂದನ್ನೊಂದು ಸುಳ್ಳು ಮಾಡುತ್ತವೆ. ‘ಶೋ’ ಎಂಬ ಕ್ರಿಯಾಪದ ಬೇರೆ, ಬರೆಯುವವರೂ ಅದನ್ನು ನಿಜವೆಂದು ಒಪ್ಪಿದ್ದಾರೆ ಎಂದು ಸಾರುತ್ತದೆ. ವಾಸ್ತವವಾಗಿ ಇವು ಬೇರೆ ಬೇರೆ ಅವಧಿಯ, ಬೇರೆ ಬೇರೆ ರೀತಿಯ ಅಳತೆಗಳು. ಒಂದು ಪ್ರಯೋಗದ ಅಳತೆ, ಇನ್ನೊಂದು ಲಸಿಕೆ ಬಳಕೆಯಲ್ಲಿದ್ದಾಗಿನ ಅಳತೆ. ಶೇಕಡಾವಾರು ಅಂಕಿ ಒಳಗೆ ಇದ್ದರೆ ಒಳಗೂ ಭೂತಕಾಲವೇ ಸರಿ.

ನಾವಿಬ್ಬರೂ ಕೂತು ತಿದ್ದಿದ ಪ್ಯಾರಾ ಹೀಗಾಯಿತು. ಮೊದಲ ವಾಕ್ಯ: ಲಸಿಕೆಯ ಪರಿಣಾಮವನ್ನು ಕರ್ನಾಟಕದ ಅಧ್ಯಯನಗಳು ಅಳೆದಿವೆ, ಇಲ್ಲಿ ‘ಹ್ಯಾವ್ ಮೆಷರ್ಡ್’. ಎರಡನೆಯದು: ಕ್ಷೇತ್ರ ಪ್ರಯೋಗದಲ್ಲಿ ಎರಡು ಡೋಸ್ ಪಡೆದವರಲ್ಲಿ ರಕ್ಷಣೆ ಶೇ 93.5 ಇತ್ತು ಎಂದು ದಾಂಡವತೆ ತಂಡ ವರದಿ ಮಾಡಿತು, ‘ರಿಪೋರ್ಟೆಡ್’ ಹೊರಗೆ, ‘ವಾಸ್’ ಒಳಗೆ. ಮೂರನೆಯದು: ನಂತರದ ಅವಧಿಯಲ್ಲಿ ಅದೇ ಎರಡು ಡೋಸ್‌ನ ರಕ್ಷಣೆ ಶೇ 62.4ಕ್ಕೆ ನಿಂತಿತ್ತು, ಬೂಸ್ಟರ್ ಕೂಡ ಪಡೆದವರಲ್ಲಿ ಶೇ 82.9 ಇತ್ತು ಎಂದು ಕಸಬಿ ತಂಡ ಕಂಡುಕೊಂಡಿತು, ‘ಫೌಂಡ್’ ಮತ್ತು ‘ವಾಸ್’. ನಾಲ್ಕನೆಯದು ಅವಳದೇ ನಿರ್ಣಯ: ಈ ಅಂಕಿಗಳನ್ನು ಒಟ್ಟಿಗೆ ಓದಿದರೆ ಬೂಸ್ಟರ್‌ನ ಮಹತ್ವ ಕಾಣುತ್ತದೆ, ‘ಸಜೆಸ್ಟ್’, ವರ್ತಮಾನ. ಅಂಕಿಗಳು ಒಂದೂ ಬದಲಾಗಲಿಲ್ಲ. ಆದರೆ ಜಗಳವಾಡುತ್ತಿದ್ದ ಎರಡು ವಾಕ್ಯಗಳು ಒಂದು ಬೆಳವಣಿಗೆಯ ಎರಡು ಹಂತಗಳಾದವು. ‘ಶೋ’ ಹೋಗಿ ‘ರಿಪೋರ್ಟ್’ ಬಂದದ್ದನ್ನೂ ನೋಡಿ. ಫಲಿತಾಂಶದ ಹೊಣೆಯನ್ನು ನೀವು ಹೊರಲು ಸಿದ್ಧರಿಲ್ಲದಿದ್ದರೆ ಆ ಕ್ರಿಯಾಪದವೇ ಸುರಕ್ಷಿತ.

ವಿಭಾಗದ ರೂಢಿ ಮೊದಲು

ಇಷ್ಟೆಲ್ಲ ಆದ ಮೇಲೂ ನಿಮ್ಮ ವಿಭಾಗ ಅನುಸರಿಸುವ ಶೈಲಿ ಕೈಪಿಡಿಯ ಮಾತು ಮೇಲು. ಮನೋವಿಜ್ಞಾನ, ಶಿಕ್ಷಣ, ಸಮಾಜಕಾರ್ಯ ವಿಭಾಗಗಳಲ್ಲಿ ಸಾಮಾನ್ಯವಾಗಿ ಬಳಸುವ ಎಪಿಎ ಕೈಪಿಡಿ, ಬೇರೆಯವರ ಸಂಶೋಧನೆಯನ್ನು ಹೇಳುವಾಗ ಭೂತಕಾಲ ಇಲ್ಲವೇ ‘ಹ್ಯಾವ್’ ರೂಪವನ್ನು ಸೂಚಿಸುತ್ತದೆ. ಅಲ್ಲಿ ‘ನಿಕ್ಟರ್ ಆರ್ಗ್ಯೂಸ್’ ಹೋಗಿ ‘ಆರ್ಗ್ಯೂಡ್’ ಆಗಬೇಕು. ಸಾಹಿತ್ಯ ವಿಭಾಗಗಳ ಎಂಎಲ್ಎ ಶೈಲಿಯಲ್ಲಿ ಕೃತಿಯ ಮಾತಿಗೆ ವರ್ತಮಾನವೇ ರೂಢಿ. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಾಗಲಿ ಬೇರೆಡೆಯಾಗಲಿ, ನಿಮ್ಮ ಮಾರ್ಗದರ್ಶಕರ ಬಳಿ ಕೇಳಬೇಕಾದ ಮೊದಲ ಪ್ರಶ್ನೆ ಇದು: ‘ಸರ್, ನಮ್ಮದು ಯಾವ ಶೈಲಿ?’ ಮಂಗನ ಕಾಯಿಲೆಯಂಥ ಹಲವು ಶಾಸ್ತ್ರಗಳು ಸೇರುವ ವಿಷಯದಲ್ಲಿ ಈ ಪ್ರಶ್ನೆ ಕೇಳದೆ ಬರೆದವರು ಕೊನೆಯ ತಿಂಗಳಲ್ಲಿ ಇಡೀ ಅಧ್ಯಾಯ ತಿದ್ದಬೇಕಾಗುತ್ತದೆ.

ಏಕರೂಪತೆ ಇರಲಿ ಎಂದು ಮಾರ್ಗದರ್ಶಕರು ಹೇಳಿದರೆ ಅದನ್ನು ಅಧ್ಯಾಯ ಪೂರ್ತಿ ಒಂದೇ ಕಾಲ ಎಂದು ತಿಳಿಯಬೇಡಿ. ಒಂದೇ ಬಗೆಯ ಮಾತಿಗೆ ಒಂದೇ ಕಾಲ ಎಂಬುದು ಅದರ ಅರ್ಥ. ಬೋಶೆಲ್ ಅವರ ವಾದಕ್ಕೆ ವರ್ತಮಾನ ಕೊಟ್ಟರೆ ಅದೇ ಪುಟದಲ್ಲಿ ನಿಕ್ಟರ್ ಅವರ ವಾದಕ್ಕೂ ಅದನ್ನೇ ಕೊಡಿ.

ಕನ್ನಡದಲ್ಲೇ ಬರೆಯುವವರಿಗೆ

ಕನ್ನಡ ಮಹಾಪ್ರಬಂಧದಲ್ಲಿ ವ್ಯಾಕರಣದ ತೊಡಕು ಇಲ್ಲದಿದ್ದರೂ ಆಯ್ಕೆ ಇದ್ದೇ ಇದೆ. ‘ಹೇಳಿದ್ದಾರೆ, ತಿಳಿಸಿದ್ದಾರೆ, ವಿವರಿಸಿದ್ದಾರೆ’ ಎಂದು ಪುಟದ ತುಂಬ ‘ಇದ್ದಾರೆ’ಗಳ ಸಾಲು ನಿಂತರೆ ಯಾವುದು ನಡೆದ ಅಧ್ಯಯನ, ಯಾವುದು ಜೀವಂತ ವಾದ, ಯಾವುದು ಒಟ್ಟು ಲೆಕ್ಕ ಎಂಬುದು ಮಸುಕಾಗುತ್ತದೆ. ಕ್ಷೇತ್ರಕಾರ್ಯದ ಮಾತಿಗೆ ‘ಸಂಗ್ರಹಿಸಿದರು, ಕಂಡುಕೊಂಡರು’, ವಾದದ ಮಾತಿಗೆ ‘ವಾದಿಸುತ್ತಾರೆ, ಗುರುತಿಸುತ್ತಾರೆ’, ಹಲವರನ್ನು ಒಟ್ಟಿಗೆ ಹೇಳುವಾಗ ‘ಪರಿಶೀಲಿಸಿದ್ದಾರೆ’ ಎಂದು ಹಂಚಿಕೊಂಡರೆ ಓದು ಸಲೀಸಾಗುತ್ತದೆ. ಕನ್ನಡ ಇದನ್ನು ಕಡ್ಡಾಯ ಮಾಡುವುದಿಲ್ಲ, ಆದರೆ ಮೂರೂ ರೂಪಗಳನ್ನು ನಮ್ಮ ಕೈಗೆ ಕೊಟ್ಟಿದೆ.

ಕರಡು ಮುಗಿದ ಮೇಲೆ

ಇಂಗ್ಲಿಷ್ ಕರಡನ್ನು ಕಂಪ್ಯೂಟರಿನಲ್ಲಿ ತೆರೆದು, ಹುಡುಕುವ ಪೆಟ್ಟಿಗೆಯಲ್ಲಿ ಮೊದಲು `have`, ಆಮೇಲೆ `has` ಎಂದು ಕೊಟ್ಟು ಒಂದೊಂದೇ ವಾಕ್ಯಕ್ಕೆ ನಿಲ್ಲಿ. ವಾಕ್ಯದೊಳಗೆ ಆವರಣದ ಹೊರಗೆ ‘ಇನ್ 1987’ನಂತೆ ಆ ಕೆಲಸ ನಡೆದ ಇಸವಿಯೋ, ಮುಗಿದ ಅವಧಿಯೋ ಇದ್ದರೆ ಅಲ್ಲೇ ಭೂತಕಾಲಕ್ಕೆ ಬದಲಿಸಿ, ‘ಸಿನ್ಸ್ 1987’ ಎಂದಿದ್ದರೆ ಮಾತ್ರ ‘ಹ್ಯಾವ್’ ಉಳಿಯಲಿ. ಇಸವಿ ಇಲ್ಲದಿದ್ದರೆ, ಒಂದೇ ಅಧ್ಯಯನವೋ ಹಲವೋ ನೋಡಿ. ಒಂದೇ ಆಗಿದ್ದು ಮುಂದಿನ ವಾಕ್ಯ ಅದರಿಂದ ನಿಮ್ಮ ಪ್ರಶ್ನೆಗೆ ಹೊರಳದಿದ್ದರೆ ಅದೂ ಭೂತಕಾಲಕ್ಕೆ ಹೋಗಲಿ. ಆಮೇಲೆ `that` ಹುಡುಕಿ, ಅದರ ಮುಂದಿನ ಕ್ರಿಯಾಪದ ಅಂಕಿಯೊಂದನ್ನು ಹೊತ್ತಿದೆಯೇ, ಸಾಮಾನ್ಯ ಸಂಗತಿಯನ್ನು ಹೊತ್ತಿದೆಯೇ ಎಂದು ಪರೀಕ್ಷಿಸಿ.

ಹೀಗೆ ಹುಡುಕುವಾಗ ಮುಟ್ಟದೆ ಬಿಡಬೇಕಾದ ಒಂದು ವಾಕ್ಯವಿದೆ. ನಿಮ್ಮ ಅಧ್ಯಯನಕ್ಕೆ ಜಾಗ ಮಾಡಿಕೊಡುವ ವಾಕ್ಯ ಅದು: ಇಂಥದ್ದನ್ನು ಇದುವರೆಗೆ ಯಾರೂ ಪರಿಶೀಲಿಸಿಲ್ಲ. ‘ನೋ ಸ್ಟಡಿ ಹ್ಯಾಸ್ ಎಕ್ಸಾಮಿನ್ಡ್’ ಎಂದರೆ ಇಂದಿನವರೆಗೂ ಇಲ್ಲ ಎಂದಾಯಿತು. ‘ಹ್ಯಾಸ್’ ಕಿತ್ತರೆ ಆ ಕಾಲದಲ್ಲಿ ಮಾಡಿರಲಿಲ್ಲ, ಆಮೇಲೆ ಮಾಡಿರಬಹುದು ಎಂಬ ಅರ್ಥ ಬಂದು, ಮೌಖಿಕ ಪರೀಕ್ಷೆಯಲ್ಲಿ ಮೊದಲ ಪ್ರಶ್ನೆ ಅಲ್ಲಿಂದಲೇ ಬರುತ್ತದೆ.